ಮಾರ್ಚ್ ಮುಗಿದ ಮೇಲೆ ಗಿರಾಕಿ ದಿವಾಳಿಯಾದರೆ: ಬಾಕಿ ಹಣವನ್ನು ಯಾವ ವರ್ಷದ ಲೆಕ್ಕದಲ್ಲಿ ಹೊಡೆಯಬೇಕು?

ಚಿಕ್ಕಮಗಳೂರು, ಹಾಸನದ ಕಡೆ ಕಾಫಿ, ಮೆಣಸು, ಏಲಕ್ಕಿ ವ್ಯವಹಾರ ಮಾಡುವವರ ಲೆಕ್ಕಪತ್ರ ಮಾರ್ಚ್ 31ಕ್ಕೆ ಮುಗಿದರೂ ಬ್ಯಾಲೆನ್ಸ್ ಶೀಟಿಗೆ ಸಹಿ ಬೀಳುವುದು ಜುಲೈ, ಆಗಸ್ಟ್ ಹೊತ್ತಿಗೆ. ನಡುವಿನ ಈ ನಾಲ್ಕೈದು ತಿಂಗಳಲ್ಲಿ ದೊಡ್ಡ ಗಿರಾಕಿಯೊಬ್ಬ ದಿವಾಳಿಯಾದ ಸುದ್ದಿ ಬಂದರೆ ಆಫೀಸಿನಲ್ಲಿ ಮೊದಲು ಏಳುವ ಪ್ರಶ್ನೆ ಇದೇ: ಆ ನಷ್ಟ ಮುಗಿದ ವರ್ಷದ್ದೋ, ನಡೆಯುತ್ತಿರುವ ವರ್ಷದ್ದೋ?

ಈ ಪ್ರಶ್ನೆಗೆ ಲೆಕ್ಕಪತ್ರ ಮಾನದಂಡ 4 (ಎಎಸ್ 4) ಉತ್ತರ ಕೊಡುತ್ತದೆ. ಬ್ಯಾಲೆನ್ಸ್ ಶೀಟ್ ದಿನಾಂಕದಂದೇ ಇದ್ದ ಪರಿಸ್ಥಿತಿಗೆ ನಂತರದ ಘಟನೆ ಹೆಚ್ಚಿನ ಸಾಕ್ಷಿ ಒದಗಿಸಿದರೆ ಮುಗಿದ ವರ್ಷದ ಅಂಕಿಯನ್ನು ತಿದ್ದಬೇಕು. ಘಟನೆ ಪೂರ್ತಿ ಹೊಸದಾಗಿದ್ದು, ಆ ದಿನ ಅದರ ಸುಳಿವೇ ಇರದಿದ್ದರೆ ತಿದ್ದಬಾರದು, ತಿಳಿಸಬೇಕು. ಗಿರಾಕಿಯ ದಿವಾಳಿಯನ್ನು ತಿದ್ದಬೇಕಾದ ಘಟನೆಗೆ ಉದಾಹರಣೆಯಾಗಿ ಆ ಮಾನದಂಡವೇ ಕೊಟ್ಟಿದೆ. ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 10 ಕೂಡ ಸಾಮಾನ್ಯವಾಗಿ ಹಾಗೆಯೇ ಎನ್ನುತ್ತದೆ. ಆ ‘ಸಾಮಾನ್ಯವಾಗಿ’ ಎಂಬ ಮಾತಿನಿಂದ ಹೊರಗುಳಿಯುವ ಪ್ರಕರಣಗಳೂ ಇವೆ. ನಿಮ್ಮದು ಯಾವ ಗುಂಪಿಗೆ ಸೇರುತ್ತದೆ ಎಂದು ತೀರ್ಮಾನಿಸುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೈಯಲ್ಲಿ ಒಂದು ಲೆಕ್ಕ ಇದ್ದರೆ ಮಾತು ಸುಲಭ. ವಿವರಿಸಲೆಂದೇ ಕಟ್ಟಿದ ಉದಾಹರಣೆ ಇದು. ಚಿಕ್ಕಮಗಳೂರಿನಲ್ಲಿ ಕಾಫಿ ಹುರಿದು ಮಾರುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಬೆಂಗಳೂರಿನಲ್ಲಿ ಹಲವು ಕಾಫಿ ಮಳಿಗೆ ನಡೆಸುವ ಇನ್ನೊಂದು ಕಂಪನಿ ಅದರ ಗಿರಾಕಿ. ಹುರಿದ ಬೀಜಕ್ಕೆ 5% ಜಿಎಸ್‌ಟಿ ಸೇರಿಸಿ ಬಿಲ್ ಹಾಕುತ್ತಾರೆ, ಕೊಟ್ಟಿರುವ ಗಡುವು 45 ದಿನ. 2025ರ ಮಾರ್ಚ್ 31ಕ್ಕೆ ಬಾಕಿ ಉಳಿದ ಬಿಲ್ಲುಗಳು ನಾಲ್ಕು: ಡಿಸೆಂಬರ್ 12ರದ್ದು 6,30,000, ಜನವರಿ 20ರದ್ದು 8,40,000, ಫೆಬ್ರವರಿ 18ರದ್ದು 5,25,000, ಮಾರ್ಚ್ 25ರದ್ದು 3,15,000. ಒಟ್ಟು 23,10,000 ರೂಪಾಯಿ. ಏಪ್ರಿಲ್ 10ರಂದು ಗಿರಾಕಿಯಿಂದ 1,05,000 ಬಂತು. ಏಪ್ರಿಲ್ 16ರಂದು 2,10,000ದ ಹೊಸ ಬಿಲ್ ಹೋಯಿತು. ಮೇ 22ರಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಯ ಬೆಂಗಳೂರು ಪೀಠ ಬ್ಯಾಂಕ್ ಹಾಕಿದ್ದ ಅರ್ಜಿಯನ್ನು ಅಂಗೀಕರಿಸಿ, ಆ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಶುರುಮಾಡಿತು. ನಮ್ಮ ಕಂಪನಿಯ ನಿರ್ದೇಶಕರು ಲೆಕ್ಕಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ.

ಹೆಜ್ಜೆ 1: ಮೂರು ದಿನಾಂಕ ಬರೆದಿಟ್ಟುಕೊಳ್ಳಿ

ಒಂದು ಹಾಳೆಯ ಮೇಲೆ ಬ್ಯಾಲೆನ್ಸ್ ಶೀಟ್ ದಿನಾಂಕ, ದಿವಾಳಿ ಆದೇಶದ ದಿನಾಂಕ, ಲೆಕ್ಕಪತ್ರವನ್ನು ಅನುಮೋದಿಸುವ ದಿನಾಂಕ ಇಷ್ಟನ್ನು ಬರೆಯಿರಿ. ಕಂಪನಿಯಾದರೆ ಅನುಮೋದನೆ ಎಂದರೆ ನಿರ್ದೇಶಕ ಮಂಡಳಿ ಸಭೆಯಲ್ಲಿ ಒಪ್ಪಿದ ದಿನ. ಪಾಲುದಾರಿಕೆ ಸಂಸ್ಥೆಯಾದರೆ ಪಾಲುದಾರರು ಒಪ್ಪಿ ಸಹಿ ಹಾಕಿದ ದಿನ. ಎಎಸ್ 4 ನೋಡುವುದು ಮೊದಲ ಮತ್ತು ಮೂರನೇ ದಿನಾಂಕಗಳ ನಡುವೆ ನಡೆದ ಘಟನೆಗಳನ್ನು. ನಮ್ಮ ಉದಾಹರಣೆಯಲ್ಲಿ ಮೇ 22 ಆ ಅವಧಿಯೊಳಗೇ ಬಿದ್ದಿದೆ.

ಮಂಡಳಿ ಅನುಮೋದಿಸಿದ ಮೇಲೆ ಸುದ್ದಿ ಬಂದರೆ ‘ಇನ್ನು ನಮಗೆ ಸಂಬಂಧವಿಲ್ಲ’ ಎಂದು ಸುಮ್ಮನಾಗಬೇಡಿ. ಅದೇ ದಿನ ಆಡಿಟರ್‌ಗೆ ತಿಳಿಸಿ. ವಾರ್ಷಿಕ ಮಹಾಸಭೆಗೆ ಲೆಕ್ಕ ಹೋಗುವ ಮುಂಚೆ ಅದನ್ನು ತಿದ್ದಬೇಕೇ ಎಂದು ಆಡಳಿತದವರೊಂದಿಗೆ ಮಾತಾಡುವ ಹೊಣೆ ಆಡಿಟರ್‌ಗೂ ಇದೆ.

ಹೆಜ್ಜೆ 2: ಲೆಡ್ಜರ್ ಮೊತ್ತವನ್ನಲ್ಲ, ಮಾರ್ಚ್ 31ರ ಮೊತ್ತವನ್ನು ಹಿಡಿಯಿರಿ

ಎಡವುವುದು ಹೆಚ್ಚಾಗಿ ಇಲ್ಲೇ. ಸುದ್ದಿ ಬಂದ ದಿನ ಟ್ಯಾಲಿ ತೆರೆದರೆ ಗಿರಾಕಿಯ ಲೆಡ್ಜರ್ 24,15,000 ತೋರಿಸುತ್ತದೆ: ಹಳೆಯ 23,10,000ಕ್ಕೆ ಏಪ್ರಿಲ್ ಬಿಲ್ಲಿನ 2,10,000 ಸೇರಿ, ಬಂದ 1,05,000 ಕಳೆದು. ಗಾಬರಿಯಲ್ಲಿ ಆ ಮೊತ್ತವನ್ನೇ ಮುಗಿದ ವರ್ಷದಲ್ಲಿ ಹೊಡೆದರೆ ತಪ್ಪಾಗುತ್ತದೆ. ಏಪ್ರಿಲ್ 16ರ ಮಾರಾಟ ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ಇಲ್ಲವೇ ಇಲ್ಲ. ಇಲ್ಲದ ಆಸ್ತಿಗೆ ನಷ್ಟ ತೋರಿಸಲು ಬರುವುದಿಲ್ಲ.

ಹಾಗಾದರೆ ಏಪ್ರಿಲ್ 10ರಂದು ಬಂದ 1,05,000ವನ್ನು ಯಾವ ಬಿಲ್ಲಿಗೆ ಹಿಡಿಯಬೇಕು? ಹಳೆಯ ಬಿಲ್ಲಿಗೆ ಹಿಡಿದರೆ ಮಾರ್ಚ್ ಬಾಕಿಯಲ್ಲಿ ಮುಳುಗುವುದು 22,05,000. ಏಪ್ರಿಲ್ ಬಿಲ್ಲಿಗೆ ಹಿಡಿದರೆ ಪೂರ್ತಿ 23,10,000. ಇದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಹಣ ಕೊಟ್ಟವನು ಇಂಥ ಬಾಕಿಗೆ ಎಂದು ಹೇಳಿ ಕೊಟ್ಟಿದ್ದರೆ, ಅಥವಾ ಸಂದರ್ಭದಿಂದಲೇ ಅದು ಗೊತ್ತಾಗುತ್ತಿದ್ದರೆ, ಆ ಹಣವನ್ನು ಒಪ್ಪಿಕೊಂಡ ಮೇಲೆ ಅದೇ ಬಾಕಿಗೆ ಹಿಡಿಯಬೇಕು ಎನ್ನುತ್ತದೆ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 59. ಅವನು ಏನೂ ಹೇಳದಿದ್ದರೆ ಆಯ್ಕೆ ನಮ್ಮದು (ಸೆಕ್ಷನ್ 60). ಇಬ್ಬರೂ ಸುಮ್ಮನಿದ್ದರೆ ಹಳೆಯ ಬಾಕಿ ಮೊದಲು ತೀರುತ್ತದೆ (ಸೆಕ್ಷನ್ 61).

ಆದ್ದರಿಂದ ಆ ದಿನದ ಇಮೇಲ್, ವಾಟ್ಸಾಪ್ ಸಂದೇಶ, ಬ್ಯಾಂಕ್ ಸ್ಟೇಟ್‌ಮೆಂಟಿನ ವಿವರಣೆ ಎಲ್ಲವನ್ನೂ ತೆಗೆದು ನೋಡಿ. ನಮ್ಮ ಉದಾಹರಣೆಯಲ್ಲಿ ಗಿರಾಕಿಯ ಖರೀದಿ ವಿಭಾಗ ಏಪ್ರಿಲ್ 9ರಂದು ‘ಹೊಸ ಆರ್ಡರಿಗೆ ಅರ್ಧ ಮುಂಗಡ ಹಾಕುತ್ತಿದ್ದೇವೆ, ಮಾಲು ಕಳಿಸಿ’ ಎಂದು ಇಮೇಲ್ ಹಾಕಿದೆ. ಅಲ್ಲಿಗೆ ಹಣ ಏಪ್ರಿಲ್ ಬಿಲ್ಲಿಗೇ ಸೇರಿತು. ಮಾರ್ಚ್ ಬಾಕಿ 23,10,000 ಹಾಗೇ ನಿಂತಿತು. ಟ್ಯಾಲಿಯಲ್ಲಿ ಈ ರಸೀದಿ ‘On Account’ ಎಂದು ಕೂತಿದ್ದರೆ ತಿದ್ದಿ, ಸರಿಯಾದ ಬಿಲ್ಲಿಗೆ ಜೋಡಿಸಿ. ಆ ಇಮೇಲಿನ ಪ್ರಿಂಟ್ ತೆಗೆದು ಫೈಲಿಗೆ ಹಾಕಿ.

ಈ ಇಮೇಲಿನಲ್ಲಿ ಇನ್ನೊಂದು ಸೂಚನೆಯೂ ಇದೆ. 45 ದಿನದ ಸಾಲದ ಮೇಲೆ ಮಾಲು ತರಿಸುತ್ತಿದ್ದವರು ಏಪ್ರಿಲ್‌ನಲ್ಲಿ ಹಳೆ ಬಾಕಿಯ ಮಾತೆತ್ತದೆ ಮುಂಗಡ ಕೊಟ್ಟು ಮಾಲು ತರಿಸಿದ್ದಾರೆ ಎಂದರೆ ಬೇರೆ ಯಾರೂ ಅವರಿಗೆ ಉದ್ದರಿ ಕೊಡುತ್ತಿರಲಿಲ್ಲ ಎಂದು ಊಹಿಸಬಹುದು. ಮುಂದಿನ ಹೆಜ್ಜೆಗೆ ಇದೂ ಬೇಕಾಗುತ್ತದೆ.

ಹೆಜ್ಜೆ 3: ಕಾಯಿಲೆ ಶುರುವಾಗಿದ್ದು ಯಾವಾಗ ಎಂದು ಹುಡುಕಿ

ಇಡೀ ತೀರ್ಮಾನ ನಿಂತಿರುವುದು ಈ ಹೆಜ್ಜೆಯ ಮೇಲೆ. ಇಲ್ಲಿ ಮಾಲೀಕರಿಂದ ಪ್ರತಿರೋಧ ಬರುವುದು ಸಹಜ. ‘ಆರ್ಡರ್ ಆಗಿದ್ದು ಮೇ ತಿಂಗಳಲ್ಲಿ, ಅದನ್ನ ಮಾರ್ಚ್‌ಗೆ ಯಾಕೆ ತರ್ತೀರಾ? ಮುಂದಿನ ವರ್ಷಕ್ಕೆ ಹಾಕಿ’ ಎನ್ನುತ್ತಾರೆ. ಅವರ ಸಂಕಟ ಅರ್ಥವಾಗುವಂಥದ್ದು. 31 ಲಕ್ಷ ಲಾಭ ತೋರಿಸುತ್ತಿದ್ದ ಲೆಕ್ಕದಿಂದ 23,10,000 ಕಳೆದರೆ ಉಳಿಯುವುದು 7,90,000. ಬ್ಯಾಂಕಿನಲ್ಲಿ ಸಾಲದ ಮಿತಿ ಏರಿಸಲು ಅರ್ಜಿ ಹಾಕಿದ್ದರೆ ಇನ್ನೂ ಕಷ್ಟ. ಆದರೆ ಆದೇಶದ ದಿನಾಂಕವೇ ನಷ್ಟದ ದಿನಾಂಕವಲ್ಲ. ಮಾರ್ಚ್ 31ರ ರಾತ್ರಿ ಆ ಗಿರಾಕಿಯಲ್ಲಿ ಈ ಹಣ ತೀರಿಸುವ ಶಕ್ತಿ ಇತ್ತೇ ಎಂಬುದಷ್ಟೇ ಪ್ರಶ್ನೆ. ಮೇ ತಿಂಗಳ ಆದೇಶ ಅದಕ್ಕೆ ಸಿಕ್ಕಿದ ಸಾಕ್ಷಿ.

ಹುಡುಕಲು ಮೊದಲ ಜಾಗ ಆ ಆದೇಶವೇ. ಎನ್‌ಸಿಎಲ್‌ಟಿ ಜಾಲತಾಣದಲ್ಲಿ ಅದು ಸಿಗುತ್ತದೆ, ಹೆಸರು ಹಾಕಿ ಹುಡುಕಿ ಇಳಿಸಿಕೊಳ್ಳಿ. ದಿವಾಳಿ ಸಂಹಿತೆ 2016ರ ಸೆಕ್ಷನ್ 7ರಡಿ ಬ್ಯಾಂಕ್ ಅರ್ಜಿ ಹಾಕುವಾಗ ಸಾಲ ತಪ್ಪಿದ ದಿನಾಂಕವನ್ನು ನಮೂದಿಸಬೇಕು, ಆದೇಶದಲ್ಲೂ ಅದರ ಪ್ರಸ್ತಾಪ ಬರುತ್ತದೆ. ಹತ್ತಿಪ್ಪತ್ತು ಪುಟದ ಆದೇಶ ಓದಲು ಬೇಜಾರೆನಿಸಬಹುದು, ಆದರೂ ಆ ಒಂದು ದಿನಾಂಕ ಸಿಗುವ ತನಕ ಓದಿ. ನಮ್ಮ ಉದಾಹರಣೆಯಲ್ಲಿ ಆ ದಿನಾಂಕ 2024ರ ಸೆಪ್ಟೆಂಬರ್ 30. ನಾವು ಬಾಕಿ ಬಿಲ್ಲುಗಳಲ್ಲಿ ಮೊದಲನೆಯದನ್ನು ಹಾಕುವ ಹೊತ್ತಿಗಾಗಲೇ ಅವರು ಬ್ಯಾಂಕಿನ ಕಂತು ತಪ್ಪಿಸಿದ್ದರು. ಮಾರ್ಚ್ 31ಕ್ಕೆ ಕಾಯಿಲೆ ಆರು ತಿಂಗಳು ಹಳೆಯದು.

ಎರಡನೆಯದು ಜಿಎಸ್‌ಟಿ ಪೋರ್ಟಲ್. ಲಾಗಿನ್ ಕೂಡ ಬೇಕಿಲ್ಲ. ‘Search Taxpayer’ ನಲ್ಲಿ ಗಿರಾಕಿಯ ಜಿಎಸ್‌ಟಿ ಸಂಖ್ಯೆ ಹಾಕಿ, ಕೆಳಗೆ ‘Show Filing Table’ ಒತ್ತಿದರೆ ಯಾವ ತಿಂಗಳ GSTR-3B ಯಾವ ದಿನ ಸಲ್ಲಿಕೆಯಾಗಿದೆ ಎಂಬ ಪಟ್ಟಿ ಬರುತ್ತದೆ. ಪ್ರತಿ ತಿಂಗಳು 20ರೊಳಗೆ ಸಲ್ಲಿಸುತ್ತಿದ್ದವರು ಡಿಸೆಂಬರ್‌ನಿಂದ ತಡಮಾಡಿ, ಫೆಬ್ರವರಿಯಿಂದ ನಿಲ್ಲಿಸಿಯೇಬಿಟ್ಟಿದ್ದರೆ ತೆರಿಗೆ ಕಟ್ಟಲೂ ಕೈಯಲ್ಲಿ ಹಣವಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸರಳವಾದ ಪುರಾವೆ ಸಿಗುವುದು ಕಷ್ಟ. ಆ ಪರದೆಯ ಪ್ರಿಂಟನ್ನು ದಿನಾಂಕ ಸಮೇತ ತೆಗೆದಿಡಿ.

ಮೂರನೆಯದು ನಮ್ಮದೇ ದಾಖಲೆ. ಹಿಂದಿನ ಒಂದೆರಡು ವರ್ಷ ಅವರು ಬಿಲ್ಲಿಗೆ ಎಷ್ಟು ದಿನದಲ್ಲಿ ಹಣ ಕೊಟ್ಟರು ಎಂದು ಟ್ಯಾಲಿಯಿಂದ ತೆಗೆಯಿರಿ. 40 ದಿನ, 44 ದಿನ ಎಂದು ಬರುತ್ತಿದ್ದದ್ದು 70, 90 ದಿನಕ್ಕೆ ಹೋಗಿದ್ದರೆ ಅದು ಯಾವ ತಿಂಗಳಿಂದ ಎಂದು ಗುರುತಿಸಿ. ವಾಪಸಾದ ಚೆಕ್ಕುಗಳು, ‘ಮುಂದಿನ ವಾರ ಪಕ್ಕಾ’ ಎಂಬ ಸಂದೇಶಗಳು, ಬಾಕಿ ದೃಢೀಕರಣ ಪತ್ರಕ್ಕೆ ಉತ್ತರವೇ ಬಾರದಿದ್ದದ್ದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮಾಲು ತಲುಪಿಸುವ ಡ್ರೈವರನ್ನೂ ಒಮ್ಮೆ ಕೇಳಿ. ಜನವರಿಯಲ್ಲೇ ಎರಡು ಮಳಿಗೆಗಳ ಬಾಗಿಲು ಹಾಕಿತ್ತು ಎಂಬಂಥ ವಿಷಯ ಅವರಿಗೆ ಮೊದಲು ಗೊತ್ತಿರುತ್ತದೆ.

ಈ ಮೂರರಲ್ಲಿ ನನ್ನ ಪ್ರಕಾರ ಹೆಚ್ಚು ತೂಕ ಆದೇಶದಲ್ಲಿ ಬರುವ ಸಾಲ ತಪ್ಪಿದ ದಿನಾಂಕಕ್ಕೆ. ಅದು ಹೊರಗಿನವರು ದಾಖಲಿಸಿದ್ದು. ನಮ್ಮ ಲಾಭ ಹೆಚ್ಚಲಿ, ಕಡಿಮೆಯಾಗಲಿ ಎಂಬ ಆಸೆಯ ಸೋಂಕು ಅದಕ್ಕಿಲ್ಲ.

ತಿದ್ದಬಾರದ ಪ್ರಕರಣ ಹೇಗಿರುತ್ತದೆ

ಇದಕ್ಕೆ ಎದುರಾಗಿ ಹಾಸನದ ಕಡೆಯ ಇನ್ನೊಂದು ಲೆಕ್ಕ ಇಡುತ್ತೇನೆ, ಇದೂ ಕಟ್ಟಿದ್ದೇ. ಶುಂಠಿ, ಮೆಣಸು ಕೊಳ್ಳುವ ಒಬ್ಬ ವರ್ತಕರು, ಸ್ವಂತ ಹೆಸರಿನ ವ್ಯಾಪಾರ. ಮಾರ್ಚ್ 31ಕ್ಕೆ ನಮಗೆ ಕೊಡಬೇಕಾದದ್ದು 8,00,000. ಹಿಂದೆಂದೂ ತಡಮಾಡಿದವರಲ್ಲ. ಏಪ್ರಿಲ್ 5ರಂದೂ ಗಡುವಿಗೆ ಸರಿಯಾಗಿ ಒಂದು ಬಿಲ್ ತೀರಿಸಿದ್ದಾರೆ, ಮೇಲಿನ 8,00,000 ಅದನ್ನು ಕಳೆದ ನಂತರದ ಬಾಕಿ. ಏಪ್ರಿಲ್ 19ರ ರಾತ್ರಿ ಗೋದಾಮಿಗೆ ಬೆಂಕಿ ಬಿದ್ದು ಇಡೀ ಮಾಲು ಸುಟ್ಟುಹೋಯಿತು. ವಿಮೆ ಇರಲಿಲ್ಲ. ಜೂನ್ ಹೊತ್ತಿಗೆ ಕೈ ಎತ್ತಿಬಿಟ್ಟರು.

ಇಲ್ಲಿ ಮಾರ್ಚ್ 31ರ ರಾತ್ರಿ ಮಾಲು ಗೋದಾಮಿನಲ್ಲೇ ಇತ್ತು, ವ್ಯಾಪಾರ ನಡೆಯುತ್ತಿತ್ತು, ನಮ್ಮ 8,00,000 ಒಳ್ಳೆಯ ಬಾಕಿಯೇ ಆಗಿತ್ತು. ಬೆಂಕಿ ಹೊಸ ಘಟನೆ. ಆದ್ದರಿಂದ ಮುಗಿದ ವರ್ಷದ ಅಂಕಿಯನ್ನು ಮುಟ್ಟಬಾರದು. ನಷ್ಟ ಹೋಗುವುದು 2025–26ಕ್ಕೆ. ಆದರೆ ಮೊತ್ತ ದೊಡ್ಡದಾಗಿದ್ದರೆ ಸುಮ್ಮನಿರುವಂತಿಲ್ಲ. ಘಟನೆ ಏನು, ಅದರಿಂದ ಎಷ್ಟು ನಷ್ಟವಾಗಬಹುದು, ಅಂದಾಜು ಮಾಡಲಾಗದಿದ್ದರೆ ಆಗದು ಎಂಬ ಮಾತು, ಇಷ್ಟನ್ನು ಅನುಮೋದಿಸುವವರ ವರದಿಯಲ್ಲಿ, ಅಂದರೆ ಕಂಪನಿಯಾದರೆ ನಿರ್ದೇಶಕರ ವರದಿಯಲ್ಲಿ, ಹೇಳಬೇಕು. ಹೀಗೆ ಬರೆದರೆ ಸಾಕು:

‘ಬ್ಯಾಲೆನ್ಸ್ ಶೀಟ್ ದಿನಾಂಕದ ನಂತರ, 19 ಏಪ್ರಿಲ್ 2025ರಂದು, ಕಂಪನಿಯ ಒಬ್ಬ ಗಿರಾಕಿಯ ಗೋದಾಮು ಬೆಂಕಿಗೆ ಆಹುತಿಯಾಗಿದೆ. ಅವರಿಂದ 31 ಮಾರ್ಚ್ 2025ಕ್ಕೆ ಬರಬೇಕಿದ್ದ ರೂ. 8,00,000 ವಸೂಲಾಗುವ ಸಾಧ್ಯತೆ ಕಡಿಮೆ. ಆ ದಿನಾಂಕದಂದು ಈ ಪರಿಸ್ಥಿತಿ ಇರದ ಕಾರಣ ಲೆಕ್ಕಪತ್ರದಲ್ಲಿ ಹೊಂದಾಣಿಕೆ ಮಾಡಿಲ್ಲ.’

ಕಷ್ಟ ಬರುವುದು ಎರಡೂ ಬೆರೆತಾಗ. ಅದೇ ವರ್ತಕರ ಚೆಕ್ ಮಾರ್ಚ್ 5ರಂದು ಹಣ ಸಾಲದೆ ವಾಪಸಾಗಿತ್ತು, ಏಪ್ರಿಲ್‌ನಲ್ಲಿ ಬೆಂಕಿ ಬಿತ್ತು ಎಂದುಕೊಳ್ಳಿ. ಆಗ ಕೇಳಿಕೊಳ್ಳಬೇಕಾದದ್ದು: ಬೆಂಕಿ ಬೀಳದಿದ್ದರೆ ಈ ಹಣದಲ್ಲಿ ಎಷ್ಟು ಬರುತ್ತಿತ್ತು? ಮಾರ್ಚ್ 31ಕ್ಕೇ ಅರ್ಧ ಅನುಮಾನ ಎನ್ನಲು ಆಧಾರವಿದ್ದರೆ ಆ ಅರ್ಧಕ್ಕೆ ಮುಗಿದ ವರ್ಷದಲ್ಲಿ ಪ್ರಾವಿಷನ್ ಹಾಕಿ. ಬೆಂಕಿಯಿಂದ ಹೋದ ಉಳಿದರ್ಧ ಮುಂದಿನ ವರ್ಷಕ್ಕೆ ಹೋಗುತ್ತದೆ. ನಿಖರವಾದ ಗೆರೆ ಎಳೆಯಲು ಆಗುವುದಿಲ್ಲ, ಆದರೆ ಎಳೆದ ಗೆರೆಗೆ ಕಾರಣ ಬರೆದಿಡಲು ಆಗುತ್ತದೆ.

ಅಂದಹಾಗೆ, ಸ್ವಂತ ಹೆಸರಿನ ವರ್ತಕರು ಎನ್‌ಸಿಎಲ್‌ಟಿಗೆ ಹೋಗುವುದಿಲ್ಲ. ನಮ್ಮ ಜಿಲ್ಲೆಗಳ ವ್ಯಕ್ತಿಗಳಿಗೆ ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ ಇನ್ನೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಅನ್ವಯ, ಅರ್ಜಿ ಹೋಗುವುದು ನ್ಯಾಯಾಲಯಕ್ಕೆ. ಎಷ್ಟೋ ಸಲ ಯಾವ ಆದೇಶವೂ ಆಗದೆ ಅಂಗಡಿ ಮುಚ್ಚಿ ಹೋಗಿರುತ್ತಾರೆ. ಲೆಕ್ಕದ ಮಟ್ಟಿಗೆ ಆದೇಶ ಇರಲೇಬೇಕೆಂದಿಲ್ಲ. ವಸೂಲಾಗದು ಎನ್ನಲು ಬಲವಾದ ಪುರಾವೆ ಇದ್ದರೆ ಸಾಕು.

ಹೆಜ್ಜೆ 4: ಎಷ್ಟು ಹೊಡೆಯಬೇಕು

ಮತ್ತೆ ಬೆಂಗಳೂರಿನ ಕಾಫಿ ಮಳಿಗೆಗಳಿಗೆ ಬರೋಣ. ತಿದ್ದಬೇಕು ಎಂದು ತೀರ್ಮಾನವಾಯಿತು. ಈಗ ಮೊತ್ತ.

ದಿವಾಳಿ ಪ್ರಕ್ರಿಯೆ ಶುರುವಾಯಿತು ಎಂದ ಮಾತ್ರಕ್ಕೆ ಎಲ್ಲವೂ ಶೂನ್ಯ ಎಂದಲ್ಲ. ಹೊಸ ಖರೀದಿದಾರ ಬಂದು ಕಂಪನಿಯನ್ನು ವಹಿಸಿಕೊಳ್ಳಬಹುದು. ಆದರೆ ಮಾಲು ಕೊಟ್ಟವರು ದಿವಾಳಿ ಸಂಹಿತೆಯ ಭಾಷೆಯಲ್ಲಿ ಕಾರ್ಯಾಚರಣೆ ಸಾಲದಾತರು, ನಮ್ಮ ಕೈಯಲ್ಲಿ ಯಾವ ಅಡಮಾನವೂ ಇಲ್ಲ. ಕಂಪನಿಯನ್ನು ಉಳಿಸುವ ಪರಿಹಾರ ಯೋಜನೆ ಬಂದರೆ ಆ ಸಂಹಿತೆ ನಮಗೆ ಖಾತ್ರಿ ಕೊಡುವುದು, ಕಂಪನಿ ಮುಚ್ಚಿದ್ದರೆ ಅಥವಾ ಯೋಜನೆಯ ಹಣವನ್ನು ಸೆಕ್ಷನ್ 53ರ ಸರದಿಯಂತೆ ಹಂಚಿದ್ದರೆ ನಮ್ಮ ಪಾಲಿಗೆ ಬರುತ್ತಿದ್ದಷ್ಟನ್ನು ಮಾತ್ರ. ಆ ಸರದಿಯಲ್ಲಿ ಪ್ರಕ್ರಿಯೆಯ ಖರ್ಚು, ಕಾರ್ಮಿಕರ ಬಾಕಿ, ಅಡಮಾನವುಳ್ಳ ಬ್ಯಾಂಕು ಎಲ್ಲ ತೆಗೆದುಕೊಂಡ ಮೇಲೆ ನಮ್ಮ ಪಾಳಿ.

ಆದ್ದರಿಂದ ನೋಡಬೇಕಾದದ್ದು ಬ್ಯಾಂಕಿನ ಸಾಲಕ್ಕೆ ಹೋಲಿಸಿದರೆ ಅಲ್ಲಿ ಮಾರಬಹುದಾದ ಆಸ್ತಿ ಎಷ್ಟಿದೆ ಎಂಬುದು. ಬಾಡಿಗೆ ಮಳಿಗೆ ನಡೆಸುವ ಕಂಪನಿಗೆ ಜಾಗ ತನ್ನದಲ್ಲ. ಕಾಫಿ ಯಂತ್ರಗಳು ಬ್ಯಾಂಕಿಗೆ ಅಡವಿದ್ದಾವೆಯೇ ಎಂಬುದು ಎಂಸಿಎ ಜಾಲತಾಣದ ಚಾರ್ಜ್ ವಿವರದಲ್ಲಿ ಗೊತ್ತಾಗುತ್ತದೆ. ಇಂಥಲ್ಲಿ ಒಂದಿಷ್ಟು ಬರುತ್ತದೆ ಎನ್ನಲು ಲಿಖಿತ ಆಧಾರವಿಲ್ಲದಿದ್ದರೆ ಪೂರ್ತಿ ಮೊತ್ತಕ್ಕೆ ಪ್ರಾವಿಷನ್ ಹಾಕುವುದೇ ಸರಿ. ‘ಶೇಕಡ ಐವತ್ತು ಹಾಕೋಣ, ಮಿಕ್ಕಿದ್ದು ಆಮೇಲೆ ನೋಡೋಣ’ ಎಂಬುದು ಅಂದಾಜಲ್ಲ, ಚೌಕಾಶಿ. ಅದಕ್ಕೆ ಆಧಾರ ಕೇಳಿದಾಗ ಉತ್ತರ ಇರುವುದಿಲ್ಲ. ಭದ್ರತಾ ಠೇವಣಿ, ಬ್ಯಾಂಕ್ ಗ್ಯಾರಂಟಿ, ಸಾಲ ವಿಮೆ ಇದ್ದರೆ ಮಾತ್ರ ಅಷ್ಟನ್ನು ಕಳೆಯಿರಿ.

ಜಿಎಸ್‌ಟಿಯನ್ನು ಮರೆಯಬೇಡಿ. 23,10,000ದಲ್ಲಿ ಮಾಲಿನ ಬೆಲೆ 22,00,000, ತೆರಿಗೆ 1,10,000. ಆ ತೆರಿಗೆಯನ್ನು ನಾವು ಆಯಾ ತಿಂಗಳ ರಿಟರ್ನಿನಲ್ಲೇ ಸರ್ಕಾರಕ್ಕೆ ಕಟ್ಟಿದ್ದೇವೆ. ಗಿರಾಕಿ ಹಣ ಕೊಡಲಿಲ್ಲ ಎಂಬ ಕಾರಣಕ್ಕೆ ಅದನ್ನು ವಾಪಸು ಪಡೆಯಲು ದಾರಿ ಇಲ್ಲ. ಸೆಕ್ಷನ್ 34ರಡಿ ಕ್ರೆಡಿಟ್ ನೋಟ್ ಕೊಡಲು ಮಾಲು ವಾಪಸಾಗಿರಬೇಕು, ಮಾಲಿನಲ್ಲಿ ಕೊರತೆ ಇರಬೇಕು ಅಥವಾ ಬೆಲೆ, ತೆರಿಗೆ ಹೆಚ್ಚು ಹಾಕಿರಬೇಕು. ವಸೂಲಾಗದ ಸಾಲ ಆ ಪಟ್ಟಿಯಲ್ಲಿಲ್ಲ. ಮಾಲು ವಾಪಸು ಬಂದಂತೆ ಕ್ರೆಡಿಟ್ ನೋಟ್ ಬರೆದು ತೆರಿಗೆ ಉಳಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೊಡಬೇಡಿ, ಅದು ಸುಳ್ಳು ದಾಖಲೆ. ನಮ್ಮ ನಷ್ಟ ತೆರಿಗೆ ಸೇರಿದ 23,10,000.

ಹೆಜ್ಜೆ 5: ಎಂಟ್ರಿ

ಟ್ಯಾಲಿಯಲ್ಲಿ F7 ಒತ್ತಿ ಜರ್ನಲ್ ತೆರೆದು, ದಿನಾಂಕ 31-03-2025 ಇಟ್ಟು, ಡೌಟ್‌ಫುಲ್ ಸಾಲದ ವೆಚ್ಚದ ಖಾತೆಗೆ 23,10,000 ಡೆಬಿಟ್ ಮಾಡಿ, ಡೌಟ್‌ಫುಲ್ ಸಾಲದ ಪ್ರಾವಿಷನ್ ಖಾತೆಗೆ ಅಷ್ಟೇ ಕ್ರೆಡಿಟ್ ಕೊಡಿ. ನಿರೂಪಣೆಯಲ್ಲಿ ಆದೇಶದ ಸಂಖ್ಯೆ, ಆದೇಶದ ದಿನಾಂಕ, ಸಾಲ ತಪ್ಪಿದ ದಿನಾಂಕ ಮೂರನ್ನೂ ಬರೆಯಿರಿ.

ಕಂಪನಿಗಳ ಸಾಫ್ಟ್‌ವೇರಿನಲ್ಲಿ 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್ ಕಡ್ಡಾಯ. ಮಾರ್ಚ್ 31ರ ವೋಚರನ್ನು ಜುಲೈನಲ್ಲಿ ಹಾಕಿದ್ದು ಅದರಲ್ಲಿ ಕಾಣುತ್ತದೆ. ಕಾಣಲಿ. ವರ್ಷಾಂತ್ಯದ ಹೊಂದಾಣಿಕೆಗಳೆಲ್ಲ ನಂತರವೇ ಬೀಳುವುದು. ಇದನ್ನು ಮುಚ್ಚಲು ಕಂಪ್ಯೂಟರಿನ ದಿನಾಂಕ ಬದಲಿಸುವಂಥ ಕೆಲಸಕ್ಕೆ ಹೋದರೆ ಸರಿಯಾದ ಎಂಟ್ರಿಯೂ ಅನುಮಾನಕ್ಕೆ ಗುರಿಯಾಗುತ್ತದೆ.

ಏಪ್ರಿಲ್ ಬಿಲ್ಲಿನಲ್ಲಿ ಉಳಿದ 1,05,000ಕ್ಕೆ 2025–26ರ ಲೆಕ್ಕದಲ್ಲಿ ಬೇರೆ ಪ್ರಾವಿಷನ್ ಹಾಕಿ.

ಮಾರ್ಚ್ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟನ್ನು ಬ್ಯಾಂಕಿಗೆ ಕೊಡುವಾಗ ಈ ಬಾಕಿಗಳು ಒಳ್ಳೆಯ ಬಾಕಿ ಎಂದೇ ಹೋಗಿರುತ್ತವೆ. ಅಂತಿಮ ಬ್ಯಾಲೆನ್ಸ್ ಶೀಟಿನಲ್ಲಿ ಬೇರೆ ಅಂಕಿ ನೋಡಿ ಬ್ಯಾಂಕಿನವರು ಕೇಳುವ ಮೊದಲೇ ಮ್ಯಾನೇಜರನ್ನು ಕಂಡು, ಆದೇಶದ ಪ್ರತಿ ಕೊಟ್ಟು ಮಾತಾಡಿ. ಈ ಗಿರಾಕಿಯೊಬ್ಬರ ಮೇಲೆಯೇ ನಿಮ್ಮ ವ್ಯಾಪಾರದ ಬಹುಪಾಲು ನಿಂತಿದ್ದರೆ ನಿಮ್ಮ ಸಂಸ್ಥೆ ಮುಂದುವರಿಯಬಲ್ಲದೇ ಎಂಬ ಪ್ರಶ್ನೆಯನ್ನೂ ಆಡಿಟರ್ ಎತ್ತುತ್ತಾರೆ. ಮುಂದಿನ ಹನ್ನೆರಡು ತಿಂಗಳ ಹಣದ ಹರಿವಿನ ಅಂದಾಜು ಸಿದ್ಧವಿಟ್ಟುಕೊಳ್ಳಿ.

ಹೆಜ್ಜೆ 6: ಆದಾಯ ತೆರಿಗೆಯಲ್ಲಿ ಪ್ರಾವಿಷನ್ ಬೇರೆ, ರೈಟ್‌ಆಫ್ ಬೇರೆ

2026ರ ಮಾರ್ಚ್‌ವರೆಗಿನ ವರ್ಷಗಳಿಗೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 36(1)(vii) ಪ್ರಕಾರ ಕಳೆಯಲು ಅವಕಾಶವಿರುವುದು ಲೆಕ್ಕದಲ್ಲಿ ರೈಟ್‌ಆಫ್ ಮಾಡಿದ ಸಾಲಕ್ಕೆ ಮಾತ್ರ. ಬರೀ ಪ್ರಾವಿಷನ್ ಹಾಕಿದರೆ ಆ ಮೊತ್ತವನ್ನು ಆದಾಯಕ್ಕೆ ಮತ್ತೆ ಸೇರಿಸಬೇಕು. ಸಾಲ ನಿಜಕ್ಕೂ ವಸೂಲಾಗದು ಎಂದು ಸಾಬೀತು ಮಾಡಬೇಕಿಲ್ಲ, ಲೆಕ್ಕದಲ್ಲಿ ರೈಟ್‌ಆಫ್ ಮಾಡಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಟಿಆರ್‌ಎಫ್ ಲಿಮಿಟೆಡ್ ಪ್ರಕರಣದಲ್ಲಿ ಹೇಳಿದೆ. ಅದೇ ವರ್ಷ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಇನ್ನೊಂದು ವಿಷಯ ತೀರ್ಮಾನವಾಯಿತು. ಲಾಭ ನಷ್ಟ ಖಾತೆಗೆ ಡೆಬಿಟ್ ಹಾಕಿ, ಬ್ಯಾಲೆನ್ಸ್ ಶೀಟಿನ ಆಸ್ತಿ ಬದಿಯಲ್ಲಿ ಬಾಕಿ ಮೊತ್ತವನ್ನು ಅಷ್ಟು ಇಳಿಸಿ ತೋರಿಸಿದರೆ ಅದನ್ನೂ ರೈಟ್‌ಆಫ್ ಎಂದು ಪರಿಗಣಿಸಬಹುದು, ಪ್ರತಿ ಗಿರಾಕಿಯ ಲೆಡ್ಜರನ್ನು ಮುಚ್ಚಲೇಬೇಕೆಂದಿಲ್ಲ.

ಆದ್ದರಿಂದ ಪೂರ್ತಿ ಮೊತ್ತ ಹೋಯಿತು ಎಂದು ಮನವರಿಕೆಯಾಗಿದ್ದರೆ ಪ್ರಾವಿಷನ್ ಬದಲು ನೇರ ರೈಟ್‌ಆಫ್ ಮಾಡುವುದನ್ನು ಆಡಿಟರ್ ಜೊತೆ ಚರ್ಚಿಸಿ. ಆ ಸಾಲ ಹಿಂದೆ ಆದಾಯವಾಗಿ ಲೆಕ್ಕಕ್ಕೆ ಬಂದಿರಬೇಕು ಎಂಬ ಷರತ್ತೂ ಇದೆ. 22,00,000 ಮಾರಾಟವಾಗಿ ಬಂದಿದೆ, ತೊಂದರೆಯಿಲ್ಲ. 1,10,000 ಜಿಎಸ್‌ಟಿ ಪಾಲನ್ನು ಹೇಗೆ ಕೇಳಬೇಕು ಎಂಬುದನ್ನು ಮಾತ್ರ ರಿಟರ್ನ್ ಸಲ್ಲಿಸುವ ಮುಂಚೆಯೇ ಬಗೆಹರಿಸಿಕೊಳ್ಳಿ, ಅದರ ಬಗ್ಗೆ ವಾದ ಎದ್ದೇಳಬಹುದು.

ಹೆಜ್ಜೆ 7: ಹೊಡೆದ ಮಾತ್ರಕ್ಕೆ ಹಕ್ಕು ಬಿಟ್ಟಂತಲ್ಲ

ರೈಟ್‌ಆಫ್ ಮಾಡಿದ್ದೇವಲ್ಲ, ಇನ್ನು ಕೇಳುವಂತಿಲ್ಲ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ ಇದೆ. ಲೆಕ್ಕದ ಎಂಟ್ರಿ ನಮ್ಮ ಮನೆಯೊಳಗಿನ ವಿಷಯ. ಗಿರಾಕಿಯ ಮೇಲಿನ ಹಕ್ಕು ಅದರಿಂದ ಕರಗುವುದಿಲ್ಲ. ದಿವಾಳಿ ಪ್ರಕ್ರಿಯೆ ನಡೆಸಲು ನೇಮಕವಾದ ಮಧ್ಯಂತರ ಪರಿಹಾರ ವೃತ್ತಿಪರರು ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ಅದರಲ್ಲಿ ಹೇಳಿದ ಕೊನೆಯ ದಿನಾಂಕದೊಳಗೆ ಫಾರ್ಮ್ ಬಿ ತುಂಬಿ, ಬಿಲ್ಲು, ಡೆಲಿವರಿ ಚಲನ್, ಲೆಡ್ಜರ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿ ಕಳಿಸಿ. ಅವರನ್ನು ನೇಮಿಸಿದ ದಿನದಿಂದ ಸಾಮಾನ್ಯವಾಗಿ 14 ದಿನಗಳ ಅವಕಾಶ ಮಾತ್ರ ಇರುತ್ತದೆ. ಮಲೆನಾಡಿನಲ್ಲಿ ಕೂತವರಿಗೆ ಬೆಂಗಳೂರಿನ ಪತ್ರಿಕೆಯಲ್ಲಿ ಬಂದ ಪ್ರಕಟಣೆ ಕಣ್ಣಿಗೆ ಬೀಳದೇ ಹೋಗಬಹುದು, ದಿವಾಳಿ ಮಂಡಳಿ ಐಬಿಬಿಐಯ ಜಾಲತಾಣದಲ್ಲೂ ಅದು ಇರುತ್ತದೆ.

ಫಾರ್ಮಿನಲ್ಲಿ ಕೇಳಬೇಕಾದ ಮೊತ್ತ ಪ್ರಾವಿಷನ್ ಮೊತ್ತವಲ್ಲ. ಕ್ಲೇಮು ಲೆಕ್ಕ ಹಾಕುವುದು ಪ್ರಕ್ರಿಯೆ ಶುರುವಾದ ದಿನಕ್ಕೆ, ಅಂದರೆ ಮೇ 22ಕ್ಕೆ. ಅಂದಿನ ಬಾಕಿ 24,15,000, ಏಪ್ರಿಲ್ ಬಿಲ್ಲಿನ ಉಳಿಕೆಯೂ ಸೇರಿ. ಬ್ಯಾಲೆನ್ಸ್ ಶೀಟಿನಲ್ಲಿ 23,10,000, ಫಾರ್ಮ್ ಬಿಯಲ್ಲಿ 24,15,000 ಇರುವುದನ್ನು ನೋಡಿ ಯಾರಾದರೂ ತಪ್ಪು ಎಂದರೆ 1,05,000ದ ವ್ಯತ್ಯಾಸ ಎಲ್ಲಿಂದ ಬಂತು ಎಂದು ಫೈಲಿನಲ್ಲಿ ಒಂದು ಸಾಲು ಬರೆದಿಟ್ಟಿರಬೇಕು. ಮೇ 22ರ ನಂತರ ಪರಿಹಾರ ವೃತ್ತಿಪರರು ಕೇಳಿದ್ದಕ್ಕೆ ಮಾಲು ಕಳಿಸಿದ್ದರೆ ಅದನ್ನು ಈ ಕ್ಲೇಮಿಗೆ ಸೇರಿಸಬೇಡಿ. ಅದು ಪ್ರಕ್ರಿಯೆಯ ಖರ್ಚು, ಸರದಿಯಲ್ಲಿ ಎಲ್ಲಕ್ಕಿಂತ ಮೊದಲು ತೀರುವಂಥದ್ದು. ಅದಕ್ಕೆ ಬೇರೆ ಲೆಡ್ಜರ್ ತೆರೆಯಿರಿ.

ಮುಂದೊಂದು ದಿನ ಈ ಬಾಕಿಯಲ್ಲಿ ಎರಡು ಲಕ್ಷ ಬಂತೆನ್ನಿ. ಮುಗಿದ ವರ್ಷದ ಲೆಕ್ಕ ತೆರೆದು ತಿದ್ದುವ ಅಗತ್ಯವಿಲ್ಲ, ಬಂದ ವರ್ಷದ ಆದಾಯವಾಗಿ ತೋರಿಸಿ. ಹಿಂದೆ ರೈಟ್‌ಆಫ್ ಮಾಡಿ ತೆರಿಗೆಯಲ್ಲಿ ಕಳೆದಿದ್ದರೆ, ಮೂಲ ಸಾಲದಲ್ಲಿ ತೆರಿಗೆಯಲ್ಲಿ ಕಳೆಯದೆ ಉಳಿದ ಭಾಗವನ್ನು ವಸೂಲಾದ ಹಣ ಮೀರಿದಷ್ಟು ಮಾತ್ರ 1961ರ ಕಾಯ್ದೆಯ ಸೆಕ್ಷನ್ 41(4)ರಡಿ ತೆರಿಗೆಗೆ ಬರುತ್ತದೆ. ಪೂರ್ತಿ ಕಳೆದಿದ್ದರೆ ಬಂದ ಎರಡು ಲಕ್ಷವೂ ತೆರಿಗೆಗೆ ಬರುತ್ತದೆ. ಕಳೆಯದೆ ಪ್ರಾವಿಷನ್ ಎಂದು ಸೇರಿಸಿಕೊಂಡಿದ್ದರೆ ಒಮ್ಮೆ ತೆರಿಗೆ ಕಟ್ಟಿದ ಹಣ ಅದು, ಮತ್ತೆ ಕಟ್ಟಬೇಕಿಲ್ಲ. ಎರಡರಲ್ಲಿ ಯಾವುದನ್ನು ಮಾಡಿದ್ದಿರಿ ಎಂಬುದು ನಾಲ್ಕು ವರ್ಷದ ಮೇಲೆ ಯಾರ ನೆನಪಿನಲ್ಲೂ ಇರುವುದಿಲ್ಲ. ಆದ್ದರಿಂದ 2024–25ರ ಆದಾಯ ಲೆಕ್ಕಾಚಾರದ ಹಾಳೆಯ ಒಂದು ಪ್ರತಿಯನ್ನು ಈ ಗಿರಾಕಿಯ ಫೈಲಿನಲ್ಲೇ, ಆದೇಶದ ಹಿಂದೆ, ಪಿನ್ ಮಾಡಿಡಿ.